ಹನ್ನೊಂದು ಲಾಟ್ ತೊಗರಿ ಮತ್ತು ಒಂದು ಬಾಕ್ಸ್‌ಪ್ಲಾಟ್

ಕಲಬುರಗಿಯ ಬೇಳೆ ಮಿಲ್ಲೊಂದರಲ್ಲಿ ಲಾಟುವಾರು ಲೆಕ್ಕ ಇಡುವುದು ನನ್ನ ಕೆಲಸ. ಒಂದು ಕ್ವಿಂಟಲ್ ತೊಗರಿಗೆ ಎಷ್ಟು ಕಿಲೋ ಬೇಳೆ ಇಳಿಯಿತು ಎಂಬುದನ್ನು ಬಾಕ್ಸ್‌ಪ್ಲಾಟಿನಲ್ಲಿ, ಅಂದರೆ ಅಂಕಿಗಳ ನಡುವಿನ ಅರ್ಧವನ್ನು ಪೆಟ್ಟಿಗೆಯಾಗಿ ತೋರಿಸುವ ಚಿತ್ರದಲ್ಲಿ, ನೋಡೋಣ ಎಂದಾಗ ನಮ್ಮ ಹಿರಿಯ ಗುಮಾಸ್ತರು, "ಹನ್ನೊಂದು ಅಂಕಿಗಿ ಚಿತ್ರ ಯಾಕ ಬೇಕ್ರಿ, ಕಣ್ಣಿಗೇ ಕಾಣಸ್ತದಲ್ಲ" ಎಂದಿದ್ದರು. ಅದೇ ಚಿತ್ರದಿಂದ ಸುಮಾರು 24,000 ರೂಪಾಯಿಯ ತಗಾದೆಯೊಂದು ತಪ್ಪಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಕಿಲೋಗೆ ದುಂಡಾಗಿಸಿ ಏರಿಕೆಯ ಕ್ರಮದಲ್ಲಿಟ್ಟರೆ ಅಂಕಿಗಳು ಹೆಚ್ಚುಕಡಿಮೆ ಹೀಗಿದ್ದವು: 58, 67, 68, 69, 70, 70, 71, 71, 72, 73, 77. ಮೊದಲು ನಮ್ಮಲ್ಲಿ ನಡೆಯುತ್ತಿದ್ದುದು ಸರಾಸರಿಯಿಂದ ಮೂರು ಮಾನಕ ವಿಚಲನೆಯಷ್ಟು ದೂರ ಹೋದದ್ದನ್ನು ಹಿಡಿಯುವ ಪದ್ಧತಿ. ಇಲ್ಲಿ ಸರಾಸರಿ 69.6, ವಿಚಲನೆ 4.7; ಹಾಗಾಗಿ ಕೆಳಗಿನ ಗಡಿ ಸುಮಾರು 55.5ಕ್ಕೆ ಇಳಿದು, 58 ಸಲೀಸಾಗಿ ಒಳಗೇ ಉಳಿದುಬಿಟ್ಟಿತು. ಆ 58 ತಾನೇ ವಿಚಲನೆಯನ್ನು ಹಿಗ್ಗಿಸಿ, ತನ್ನನ್ನು ಹಿಡಿಯಬೇಕಾದ ಗಡಿಯನ್ನು ದೂರ ತಳ್ಳುತ್ತದೆ. ಹತ್ತೇ ಅಂಕಿಗಳಿದ್ದರಂತೂ ಒಂದು ಅಂಕಿ ಎಷ್ಟೇ ವಿಪರೀತವಾಗಿದ್ದರೂ ಮೂರು ವಿಚಲನೆಯನ್ನು ದಾಟಲು ಸಾಧ್ಯವೇ ಇಲ್ಲ. ಹೀಗೆ ಯಾವುದನ್ನೂ ಹಿಡಿಯದ ಪದ್ಧತಿಯನ್ನು ನಾವು ಬಹುಕಾಲ ನಂಬಿದ್ದೆವು.

ಸಾಲಾಗಿಟ್ಟ ಅಂಕಿಗಳನ್ನು ನಾಲ್ಕು ಪಾಲು ಮಾಡುವ ಚತುರ್ಥಕಗಳಿಗೆ ಈ ತೊಂದರೆಯಿಲ್ಲ; ಪೆಟ್ಟಿಗೆಯ ಅಂಚುಗಳು ಅವೇ. 58ರ ಜಾಗದಲ್ಲಿ 40 ಇದ್ದರೂ ಅವು ಕದಲುವುದಿಲ್ಲ. ಆರನೆಯ ಅಂಕಿಯಾದ 70 ಮಧ್ಯಾಂಕ. ಅದನ್ನು ಬಿಟ್ಟು ಕೆಳಗಿನ ಐದರ ನಡುವಿನದು 68, ಮೇಲಿನ ಐದರ ನಡುವಿನದು 72. ಪೆಟ್ಟಿಗೆಯ ಎತ್ತರ 4, ಅದರ ಒಂದೂವರೆ ಪಟ್ಟು 6; ಅಷ್ಟನ್ನು ಎರಡೂ ಅಂಚಿನಿಂದ ಆಚೆಗೆ ಅಳೆದರೆ ಬೇಲಿಗಳು, ಅಂದರೆ ಅನುಮಾನದ ಗಡಿಗಳು, 62 ಮತ್ತು 78. 58 ಹೊರಗೆ ಬಿತ್ತು, 77 ಒಳಗುಳಿಯಿತು. ಪೆಟ್ಟಿಗೆಯಿಂದ ಹೊರಡುವ ಗೆರೆ ಬೇಲಿಯವರೆಗೆ ಹೋಗುವುದಿಲ್ಲ, ಬೇಲಿಯೊಳಗಿನ ಕೊನೆಯ ನಿಜವಾದ ಅಂಕಿಯಲ್ಲಿ ನಿಲ್ಲುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು: ಕೆಳಗೆ ಅದು 67ರಲ್ಲೇ ನಿಂತಿತ್ತು.

ಆದರೆ ನನ್ನ ಹಾಳೆಯ ಸೂತ್ರ ಬೇರೆ ಉತ್ತರ ಕೊಟ್ಟಿತು. ಎಕ್ಸೆಲ್‌ನಲ್ಲಿ ಚತುರ್ಥಕಕ್ಕೆ ಎರಡು ಲೆಕ್ಕಗಳಿವೆ.

```
=QUARTILE.EXC(B2:B12,1)   68
=QUARTILE.INC(B2:B12,1)   68.5
=QUARTILE.EXC(B2:B12,3)   72
=QUARTILE.INC(B2:B12,3)   71.5
```

ಎರಡನೆಯ ಲೆಕ್ಕದಲ್ಲಿ ಪೆಟ್ಟಿಗೆ 3ಕ್ಕೆ ಕುಗ್ಗಿ ಬೇಲಿಗಳು 64 ಮತ್ತು 76 ಆಗುತ್ತವೆ. ಆಗ 77 ಕೂಡ ಹೊರಗೆ. ಸಾವಿರ ಅಂಕಿಗಳಿದ್ದರೆ ಈ ವ್ಯತ್ಯಾಸ ಕಾಣಿಸುವುದೇ ಕಷ್ಟ, ಹನ್ನೊಂದರಲ್ಲಿ ತೀರ್ಪೇ ಬದಲಾಗುತ್ತದೆ. ಯಾವುದು ಸರಿ ಎಂದು ವಾದಿಸುವ ಬದಲು, ಎರಡರಲ್ಲಿ ಒಂದು ಹಿಡಿದರೂ ಆ ಲಾಟಿನ ರಿಜಿಸ್ಟರ್ ತೆಗೆದು ನೋಡುವುದು ನಾನು ಮಾಡಿಕೊಂಡ ನಿಯಮ.

ರಿಜಿಸ್ಟರ್ ತೆಗೆದಾಗಲೇ ವಿಷಯ ತಿಳಿಯಿತು. ಬಾಕ್ಸ್‌ಪ್ಲಾಟ್ ಅಂಕಿಗಳನ್ನು ಗಾತ್ರದ ಪ್ರಕಾರ ಜೋಡಿಸುವುದರಿಂದ ಯಾವುದರ ಹಿಂದೆ ಯಾವುದು ಬಂತು ಎಂಬುದು ಅದರಲ್ಲಿ ಅಳಿಸಿಹೋಗುತ್ತದೆ. ನಿಜದಲ್ಲಿ 58ರ ಲಾಟಿನ ಬೆನ್ನಿಗೇ 77ರ ಲಾಟ್ ಓಡಿತ್ತು, ಎರಡೂ ಸುಮಾರು ಇಪ್ಪತ್ತು ಕ್ವಿಂಟಲ್‌ನವು. ಎರಡನ್ನೂ ಸೇರಿಸಿ ಭಾಗಿಸಿದರೆ 67.5, ಅಂದರೆ ಮಾಮೂಲಿ ಇಳುವರಿ. ಮೊದಲ ಲಾಟಿನ ಬೇಳೆಯಲ್ಲಿ ಒಂದಷ್ಟು ಡಬ್ಬಿಯಲ್ಲೇ ಉಳಿದು, ಮರುದಿನ ಮುಂದಿನ ಲಾಟಿನ ಜೊತೆ ತೂಕಕ್ಕೆ ಬಿದ್ದಿತ್ತು; ಡಬ್ಬಿ ಖಾಲಿ ಮಾಡಿದವರನ್ನು ಕೇಳಿದಾಗ ಅವರೂ ಹಾಗೇ ಹೇಳಿದರು. ಅಷ್ಟರಲ್ಲಿ ಸಾವ್ಕಾರರು ಕ್ವಿಂಟಲ್‌ಗೆ 12 ಕಿಲೋ ಕೊರತೆ, ಕಿಲೋಗೆ ನೂರು ರೂಪಾಯಿ ಎಂದು ಲೆಕ್ಕಹಾಕಿ ಅಡತಿಯವರ ಬಾಕಿಯಲ್ಲಿ ಹಣ ಮುರಿಯಲು ಹೇಳಿಬಿಟ್ಟಿದ್ದರು. ಆ ಮಾತು ಹಿಂದಕ್ಕೆ ಹೋಯಿತು. ಗುಮಾಸ್ತರು ಹೇಳಿದಂತೆ ಕಣ್ಣಿಗೇ ಕಾಣುತ್ತಿದ್ದ 58ನ್ನು ಮಾತ್ರ ನೋಡಿದ್ದರೆ ತೊಗರಿಯೇ ಕೆಟ್ಟದ್ದು ಎಂಬಲ್ಲಿಗೆ ಮಾತು ನಿಲ್ಲುತ್ತಿತ್ತು. 77ನ್ನು ಅನುಮಾನಿಸುವ ಮನಸ್ಸು ಮಿಲ್ಲಿನಲ್ಲಿ ಯಾರಿಗೂ ಇರಲಿಲ್ಲ, ಏಕೆಂದರೆ ಅದು ಲಾಭದ ಅಂಕಿ.

ಇದಾದ ಮೇಲೆ ತಳಿವಾರು ಪೆಟ್ಟಿಗೆಗಳನ್ನೂ ಎಳೆದು ನೋಡಿದೆ. ಮಾರುತಿ ಮತ್ತು ಟಿಎಸ್-3ಆರ್ ಲಾಟುಗಳನ್ನು ಬೇರ್ಪಡಿಸಿದರೆ ಒಂದೊಂದರಲ್ಲಿ ಐದಾರು ಅಂಕಿ ಮಾತ್ರ ಉಳಿಯುತ್ತಿದ್ದವು. ಅಷ್ಟರಲ್ಲಿ ಒಂದು ಲಾಟ್ ಬದಲಾದರೂ ಪೆಟ್ಟಿಗೆಯ ಅಂಚೇ ಜರುಗುತ್ತದೆ. ಅಂಥಲ್ಲಿ ಈಗ ಪೆಟ್ಟಿಗೆ ಎಳೆಯದೆ ಅಂಕಿಗಳನ್ನು ಚುಕ್ಕೆಗಳಾಗಿಯೇ ಇಡುತ್ತೇನೆ. ಎಣ್ಣೆ ಸವರುವ ಪ್ರಮಾಣ ಬದಲಿಸಿ ಮಾಡಿದ ಪ್ರಯೋಗದಲ್ಲಿ ಮಧ್ಯಾಂಕ ಹೆಚ್ಚು ಏರಲಿಲ್ಲ, ಆದರೆ ಪೆಟ್ಟಿಗೆ ಚೆನ್ನಾಗಿ ಕಿರಿದಾಯಿತು. ಆ ಪ್ರಮಾಣವನ್ನು ಇಲ್ಲಿ ಬರೆಯುವುದಿಲ್ಲ, ಅದು ನಮ್ಮ ಮಿಲ್ಲಿನ ಗಳಿಕೆ. ಪೆಟ್ಟಿಗೆ ಕಿರಿದಾದಷ್ಟೂ ಬೇಲಿ ಹತ್ತಿರ ಬಂದು, ಮೊದಲು ಒಳಗಿರುತ್ತಿದ್ದ 66 ಕೂಡ ಈಗ ಹೊರಗೆ ಬೀಳುತ್ತಿದೆ. ಹಾಗೆ ಬಿದ್ದ ಲಾಟನ್ನು ನಾನು ಅಳಿಸುವುದಿಲ್ಲ, ಸರಾಸರಿಯಿಂದ ಕಳೆಯುವುದೂ ಇಲ್ಲ. ಅದರ ಮುಂದೆ ಕೆಂಪು ಗುರುತು ಹಾಕಿ, ಅದರ ಹಿಂದಿನ ಮತ್ತು ಮುಂದಿನ ಲಾಟಿನ ತೂಕದ ಚೀಟಿಗಳನ್ನು ಒಟ್ಟಿಗೆ ತರಿಸಿಕೊಳ್ಳುತ್ತೇನೆ.