ಸಪ್ಲೈಯರ್ ಬಿಲ್ ಅಪ್ರೂವಲ್: 50,000 ಅಂದರೆ ಯಾವ 50,000?

ಪೀಣ್ಯದ ಒಂದು ಮೆಷಿನಿಂಗ್ ಘಟಕಕ್ಕೆ ಬಿಲ್ ಅಪ್ರೂವಲ್ ವ್ಯವಸ್ಥೆ ರೂಪಿಸುವಾಗ ಲಿಮಿಟ್ ಪಟ್ಟಿ ಬರೆಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ವಿಭಾಗದ ಮುಖ್ಯಸ್ಥರಿಗೆ 50,000 ರೂಪಾಯಿವರೆಗೆ, ಪ್ಲಾಂಟ್ ಮ್ಯಾನೇಜರ್‌ಗೆ 5 ಲಕ್ಷದವರೆಗೆ, ಅದರ ಮೇಲೆ ಡೈರೆಕ್ಟರ್. ಚರ್ಚೆ ಎದ್ದದ್ದು ಆಮೇಲೆ. ಬಿಲ್ಲಿನ ತೆರಿಗೆರಹಿತ ಮೌಲ್ಯ 48,000, ಅದಕ್ಕೆ ಶೇ. 18 ಜಿಎಸ್‌ಟಿ 8,640, ಒಟ್ಟು 56,640. ಇದು ಯಾರ ಟೇಬಲ್ಲಿಗೆ ಹೋಗಬೇಕು? ಜಿಎಸ್‌ಟಿ ಕ್ರೆಡಿಟ್ ಆಗಿ ವಾಪಸ್ ಬರುವುದರಿಂದ ನಾವು ತೆರಿಗೆರಹಿತ ಮೌಲ್ಯವನ್ನೇ ಹಿಡಿದೆವು. ಕ್ರೆಡಿಟ್ ಸಿಗದ ಖರ್ಚಿಗೆ ಮಾತ್ರ ಒಟ್ಟು ಮೊತ್ತ. ಇದನ್ನು ಮೊದಲೇ ಬರೆದಿಡದಿದ್ದರೆ ಒಬ್ಬೊಬ್ಬರು ಒಂದೊಂದು ಲೆಕ್ಕ ಹಿಡಿಯುತ್ತಾರೆ.

ಲಿಮಿಟ್ ಯಾವ ಹಂತದಲ್ಲಿ ಹಾಕಬೇಕು ಎಂಬುದು ಇದಕ್ಕಿಂತ ದೊಡ್ಡ ಪ್ರಶ್ನೆ. ಬಿಲ್ ಕೈಗೆ ಬರುವ ಹೊತ್ತಿಗೆ ಮಾಲು ಸ್ಟೋರ್ಸ್‌ನಲ್ಲಿ ಇಳಿದಿರುತ್ತದೆ, ಅರ್ಧ ಬಳಸಿಯೂ ಆಗಿರುತ್ತದೆ. ಆಗ ಡೈರೆಕ್ಟರ್ ಬೇಡ ಅಂದರೂ ದುಡ್ಡು ಕೊಡಲೇಬೇಕು. ಹಾಗಾಗಿ ಲಿಮಿಟ್ ಅನ್ನು ಸಪ್ಲೈಯರ್‌ಗೆ ಪಿಒ, ಅಂದರೆ ಖರೀದಿ ಆರ್ಡರ್, ಕೊಡುವ ಹಂತಕ್ಕೆ ಒಯ್ದೆವು. ಬಿಲ್ ಹಂತದಲ್ಲಿ ಉಳಿದದ್ದು ಪಿಒ, ಮಾಲು ಪಡೆದಾಗ ಸ್ಟೋರ್ಸ್‌ನವರು ಬರೆಯುವ ಜಿಆರ್‌ಎನ್, ಬಿಲ್ ಮೂರನ್ನೂ ತಾಳೆ ನೋಡುವ ಕೆಲಸ. ವ್ಯತ್ಯಾಸಕ್ಕೆ ಶೇ. 2 ಅಥವಾ 500 ರೂಪಾಯಿ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟೇ ಸಡಿಲ. ಶೇಕಡಾವಾರು ಮಾತ್ರ ಇಟ್ಟರೆ 20 ಲಕ್ಷದ ಪಿಒದಲ್ಲಿ 40,000 ರೂಪಾಯಿ ಯಾರ ಕಣ್ಣಿಗೂ ಬೀಳದೆ ದಾಟಿಹೋಗುತ್ತದೆ.

ರಿಪೇರಿ, ಸಾಗಣೆಯಂಥ ಪಿಒ ಇಲ್ಲದ ಬಿಲ್‌ಗಳಿಗೆ ಮಾತ್ರ ಲಿಮಿಟ್ ಬಿಲ್ ಮೇಲೆಯೇ ಬರುತ್ತದೆ. ಬಿಲ್ ಒಡೆಯುವ ಚಾಳಿ ಕಾಣುವುದೂ ಇಲ್ಲಿಯೇ. ಒಂದೇ ಸ್ಪಿಂಡಲ್ ರಿಪೇರಿಗೆ ಒಂಬತ್ತು ದಿನದೊಳಗೆ 46,000, 47,500, 44,800ರ ಮೂರು ಬಿಲ್ ಬಂದವು ಎನ್ನಿ. ಒಂದೊಂದೂ ಲಿಮಿಟ್ ಒಳಗಿದೆ, ಕೂಡಿದರೆ 1,38,300. ಆದ್ದರಿಂದ ನಿಯಮವನ್ನು ಬಿಲ್ಲಿಗಲ್ಲ, ಒಬ್ಬ ಸಪ್ಲೈಯರ್‌ನ 30 ದಿನದ ಮೊತ್ತಕ್ಕೆ ಕಟ್ಟಿದೆವು. ಮೊದಲ ಬಿಲ್ ಎಂದಿನಂತೆ ಹೋಗುತ್ತದೆ. ಎರಡನೆಯದು ಬಂದಾಗ ಮೊತ್ತ 93,500 ಆಗುವುದರಿಂದ ಅದು ನೇರ ಪ್ಲಾಂಟ್ ಮ್ಯಾನೇಜರ್‌ಗೆ. ಹಳೆಯ ಬಿಲ್‌ಗಳನ್ನು ಜಾಲಾಡಲು ಈ ಕ್ವೆರಿ ಸಾಕು:

```sql
SELECT vendor_id, COUNT(*), SUM(taxable_value)
FROM invoice
WHERE po_id IS NULL
  AND invoice_date >= CURRENT_DATE - 30
GROUP BY vendor_id
HAVING MAX(taxable_value) <= 50000
   AND SUM(taxable_value) > 50000;
```

ಇದರಲ್ಲಿ ಸಿಕ್ಕವರೆಲ್ಲ ಕಳ್ಳರಲ್ಲ. ದಿನವೂ ಬರುವ ಟೆಂಪೋದವರ ಹೆಸರು ಪಟ್ಟಿಯಲ್ಲಿ ಇದ್ದೇ ಇರುತ್ತದೆ. ಅಂಥವರಿಗೆ ವರ್ಷದ ಪಿಒ ಮಾಡಿಬಿಟ್ಟರೆ ಗಲಾಟೆಯೇ ಇಲ್ಲ.

ಇನ್ನು ಕೆಲಸದ ವಿಂಗಡಣೆ. ಪಿಒ ಮಾಡುವವರು, ಮಾಲು ಪಡೆಯುವವರು, ಬಿಲ್ ಒಪ್ಪುವವರು, ಹಣ ಬಿಡುವವರು ಬೇರೆ ಬೇರೆ ಇರಬೇಕು ಎಂಬುದು ಎಲ್ಲರಿಗೂ ಗೊತ್ತು. ಆದರೆ ಸಾಫ್ಟ್‌ವೇರ್ ಇದನ್ನು ರೋಲ್ ನೋಡಿ ತಡೆಯುತ್ತಿದ್ದರೆ ಎಡವಟ್ಟು ಖಚಿತ. ಸ್ಟೋರ್ಸ್‌ನವರು ರಜೆ ಹಾಕಿದಾಗ ಪರ್ಚೇಸ್‌ನವರಿಗೇ ಸ್ಟೋರ್ಸ್ ರೋಲ್ ಕೊಡುತ್ತಾರೆ, ರಜೆ ಮುಗಿದ ಮೇಲೆ ಅದನ್ನು ತೆಗೆಯುವುದನ್ನು ಮರೆಯುತ್ತಾರೆ. ಪಿಒ ಮಾಡಿದ್ದು ಪರ್ಚೇಸ್ ರೋಲ್, ಜಿಆರ್‌ಎನ್ ಮಾಡಿದ್ದು ಸ್ಟೋರ್ಸ್ ರೋಲ್, ಹಾಗಾಗಿ ಸಿಸ್ಟಮ್ ತಕರಾರು ಎತ್ತುವುದಿಲ್ಲ. ಎರಡರ ಹಿಂದೆಯೂ ಒಬ್ಬರೇ. ಆದ್ದರಿಂದ ನಾವು ಆ ಬಿಲ್ಲಿನ ಕಾಗದಗಳ ಮೇಲಿನ ಯೂಸರ್ ಐಡಿಗಳನ್ನೇ ಹೋಲಿಸಿದೆವು: ಹಿಂದಿನ ಯಾವುದೇ ಹಂತ ಮುಟ್ಟಿದವರಿಗೆ ಅಪ್ರೂವ್ ಬಟನ್ ಕಾಣುವುದೇ ಇಲ್ಲ. ರಜೆಗೆ ಬದಲಿಯಾಗಿ ಬಂದವರಿಗೂ ಇದೇ ಕಟ್ಟು. ಬದಲಿಯವರೇ ಪಿಒ ಮಾಡಿದ್ದರೆ ಬಿಲ್ ಒಂದು ಮೆಟ್ಟಿಲು ಮೇಲಕ್ಕೆ ಹೋಗುತ್ತದೆ. ಬದಲಿ ಅಧಿಕಾರಕ್ಕೆ ಮುಗಿಯುವ ದಿನಾಂಕ ಹಾಕದೆ ಸೇವ್ ಮಾಡಲು ಬರುವುದಿಲ್ಲ.

ಒಬ್ಬರೇ ಅಕೌಂಟೆಂಟ್ ಇರುವ ಸಣ್ಣ ಕಡೆ ನಾಲ್ಕು ಜನ ಸಿಗುವುದಿಲ್ಲ. ಅಲ್ಲಿ ಎರಡು ಕೆಲಸವನ್ನಾದರೂ ಬೇರ್ಪಡಿಸಲೇಬೇಕು ಎಂಬುದು ನಮ್ಮ ನಿಲುವು: ಸಪ್ಲೈಯರ್‌ನ ಬ್ಯಾಂಕ್ ಖಾತೆ ಸಂಖ್ಯೆ ಬದಲಿಸುವುದು ಮತ್ತು ಹಣ ಬಿಡುವುದು. ಖಾತೆ ಬದಲಾಗಿದೆ ಎಂದು ಮೇಲ್ ಬಂದರೆ ಆ ಮೇಲ್‌ನಲ್ಲಿರುವ ನಂಬರಿಗಲ್ಲ, ಹಳೆಯ ದಾಖಲೆಯಲ್ಲಿರುವ ನಂಬರಿಗೆ ಫೋನ್ ಮಾಡಿ ಕೇಳಬೇಕು. ಅಪ್ರೂವಲ್ ಆದ ಮೇಲೆ ಮೊತ್ತ ಅಥವಾ ಖಾತೆ ಬದಲಾದರೆ ಹಳೆಯ ಅಪ್ರೂವಲ್ ತಾನಾಗಿಯೇ ರದ್ದಾಗುವಂತೆ ಮಾಡಿದ್ದೇವೆ.

ಇಷ್ಟು ಬಿಗಿ ಮಾಡಿದರೆ ಬಿಲ್‌ಗಳು ಸರದಿಯಲ್ಲಿ ಕೊಳೆಯುವ ಅಪಾಯ ಇದ್ದೇ ಇದೆ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಲಿಖಿತ ಒಪ್ಪಂದ ಇದ್ದರೂ 45 ದಿನದೊಳಗೆ ಹಣ ಕೊಡಬೇಕು, ಇಲ್ಲದಿದ್ದರೆ 15 ದಿನ. ಈ ಎಣಿಕೆ ಶುರುವಾಗುವುದು ನಾವು ಅಪ್ರೂವ್ ಮಾಡಿದ ದಿನದಿಂದಲ್ಲ, ಮಾಲನ್ನು ಒಪ್ಪಿಕೊಂಡ ದಿನದಿಂದ. 15 ದಿನದೊಳಗೆ ಬರಹದಲ್ಲಿ ಆಕ್ಷೇಪ ಎತ್ತದಿದ್ದರೆ ಮಾಲು ಬಂದಿಳಿದ ದಿನವೇ ಒಪ್ಪಿದ ದಿನ. ಅದಕ್ಕೇ ಪರದೆಯ ಮೇಲೆ ಬಾಕಿ ದಿನವನ್ನು ಜಿಆರ್‌ಎನ್ ದಿನಾಂಕದಿಂದ ಎಣಿಸಿ ತೋರಿಸುತ್ತೇವೆ. ಯಾರ ಬಳಿಯಾದರೂ ಬಿಲ್ ಎರಡು ಕೆಲಸದ ದಿನಕ್ಕಿಂತ ಹೆಚ್ಚು ಕೂತರೆ ಅದು ಮೇಲಿನವರಿಗೆ ಹೋಗುತ್ತದೆ. ಅಪ್ರೂವ್ ಆಗಿ ಅಲ್ಲ, ತೀರ್ಮಾನಕ್ಕಾಗಿ. ಕೆಲವು ಸಾಫ್ಟ್‌ವೇರ್‌ಗಳಲ್ಲಿ ಗಡುವು ಮೀರಿದರೆ ತಾನಾಗಿಯೇ ಅಪ್ರೂವ್ ಮಾಡುವ ಸೆಟ್ಟಿಂಗ್ ಇರುತ್ತದೆ. ಅದು ಆನ್ ಆಗಿದೆಯೇ ಎಂದು ಮೊದಲ ದಿನವೇ ನೋಡಿ ಆಫ್ ಮಾಡಿ.