ಚಿಪ್ಸ್ ಕರಿಯುವಾಗ ಎಣ್ಣೆ ಉಕ್ಕದಂತೆ, ಹೊತ್ತದಂತೆ

ಬಾಣಲೆಯಲ್ಲಿ ಎಣ್ಣೆಯನ್ನು ಉಕ್ಕಿಸುವುದು ನೀರು. ಆಲೂಗಡ್ಡೆಯ ತೂಕದಲ್ಲಿ ಐದರಲ್ಲಿ ಸುಮಾರು ನಾಲ್ಕು ಪಾಲು ನೀರೇ ಇರುತ್ತದೆ. ಬಿಲ್ಲೆಗಳು ಕಾದ ಎಣ್ಣೆಗೆ ಬಿದ್ದ ಕೂಡಲೇ ಅದು ಆವಿಯಾಗಿ ನೊರೆ ಎಬ್ಬಿಸುತ್ತದೆ. ಆ ನೊರೆಗೆ ಬಾಣಲೆಯಲ್ಲಿ ಜಾಗ ಬೇಕು.

ಎರಡು ಆಲೂಗಡ್ಡೆಗೆ 26 ಸೆಂ.ಮೀ. ಅಗಲ, 9 ಸೆಂ.ಮೀ. ಆಳದ ದಪ್ಪ ತಳದ ಬಾಣಲೆ ಸಾಕು. ಅದಕ್ಕೆ ಮುಕ್ಕಾಲು ಲೀಟರ್ ಎಣ್ಣೆ ಸುರಿದರೆ ನಡುವೆ ನಾಲ್ಕೂವರೆ ಸೆಂ.ಮೀ. ನಿಲ್ಲುತ್ತದೆ, ಅಂದರೆ ಅರ್ಧ ಆಳ. ಅದಕ್ಕಿಂತ ಮೇಲೆ ಬೇಡ. ತಳ ಉರುಟಾಗಿದ್ದು ಒಲೆಯ ಮೇಲೆ ಅಲ್ಲಾಡುವ ಬಾಣಲೆಯನ್ನು ಈ ಕೆಲಸಕ್ಕೆ ತೆಗೆದುಕೊಳ್ಳಬೇಡಿ. ಬಾಯಿಯನ್ನು ಪೂರ್ತಿ ಮುಚ್ಚುವ ಲೋಹದ ತಟ್ಟೆಯೊಂದು ಒಲೆ ಹಚ್ಚುವ ಮೊದಲೇ ಕೈಗೆ ಸಿಗುವಂತಿರಲಿ.

ಹೆಚ್ಚಿದ ಬಿಲ್ಲೆಗಳನ್ನು ನೀರಿನಲ್ಲಿ ತೊಳೆದು, ಹತ್ತಿ ಬಟ್ಟೆಯ ಮೇಲೆ ಒಂದರ ಮೇಲೊಂದು ಬೀಳದಂತೆ ಹರಡಿ. ಇನ್ನೊಂದು ಬಟ್ಟೆಯಿಂದ ಒತ್ತಿ, ಇಪ್ಪತ್ತು ನಿಮಿಷ ಬಿಡಿ. ಒಣ ಕಾಗದದ ಮೇಲೆ ಒಂದನ್ನು ಒತ್ತಿದಾಗ ತೇವದ ಗುರುತು ಬೀಳಬಾರದು. ಜಾಲರಿ ಸೌಟಿನ ಹಿಡಿಯಿಂದ ಇಳಿಯುವ ಒಂದು ಹನಿ ನೀರೂ ಸಿಡಿಯುತ್ತದೆ, ಅದನ್ನೂ ಒರೆಸಿ.

ಎಣ್ಣೆಗೆ 170ರಿಂದ 180 ಡಿಗ್ರಿ ಸೆಲ್ಸಿಯಸ್ ಶಾಖ ಸಾಕು. ಒಂದು ಬಿಲ್ಲೆ ಹಾಕಿ ನೋಡಿ: ತಳದಲ್ಲೇ ಕುಳಿತರೆ ಇನ್ನೂ ಕಾಯಬೇಕು, ಗುಳ್ಳೆಗಳೊಂದಿಗೆ ಕೂಡಲೇ ಮೇಲೆ ಬಂದರೆ ಹದ, ಕ್ಷಣದಲ್ಲೇ ಕಂದಿದರೆ ಕಾವು ಹೆಚ್ಚಾಗಿದೆ. ಒಂದು ಸಲಕ್ಕೆ ಒಂದೇ ಹಿಡಿ. ಎಣ್ಣೆಯ ಹತ್ತಿರದಿಂದ, ಅಂಚಿನ ಪಕ್ಕದಲ್ಲಿ ಒಂದೊಂದಾಗಿ ಜಾರಿಸಿ. ಎತ್ತರದಿಂದ ಎಸೆದರೆ ಎಣ್ಣೆ ಕೈಗೇ ಹಾರುತ್ತದೆ. ನೊರೆ ಅಂಚಿನ ಹತ್ತಿರ ಬಂದರೆ ಮೊದಲು ಒಲೆ ಆರಿಸಿ, ಆಮೇಲೆ ಸೌಟು ಹಿಡಿಯಿರಿ.

ಬಹಳ ಮಂದಿ ಎಡವುವುದು ಗುಳ್ಳೆ ಅಡಗಿದ ಮೇಲೆ. ನೀರು ಆವಿಯಾಗುತ್ತಿರುವಷ್ಟು ಹೊತ್ತು ಅದೇ ಎಣ್ಣೆಯ ಕಾವನ್ನು ಹೀರುತ್ತಿರುತ್ತದೆ. ಚಿಪ್ಸ್ ತೆಗೆದು ಖಾಲಿ ಎಣ್ಣೆಯನ್ನು ಅದೇ ಉರಿಯಲ್ಲಿ ಬಿಟ್ಟು ಫೋನ್ ತೆಗೆದುಕೊಳ್ಳಲು ಹೋದರೆ ಕಾವು ಸರ್ರನೆ ಏರುತ್ತದೆ. ಪ್ರತಿ ಸಲವೂ ಉರಿ ತಗ್ಗಿಸಿ.

ಎಣ್ಣೆಯಿಂದ ಹೊಗೆ ಎದ್ದರೆ ಒಲೆ ಆರಿಸಿ, ಬಾಣಲೆಯನ್ನು ಇದ್ದಲ್ಲೇ ಬಿಡಿ. ಕಾವಿಳಿಸಲೆಂದು ಬಿಲ್ಲೆಗಳನ್ನು ಸುರಿಯಬೇಡಿ. ಆರಿದ ಮೇಲೆ ಆ ಎಣ್ಣೆಯನ್ನು ಮತ್ತೆ ಕರಿಯಲು ಬಳಸಬೇಡಿ, ಅದು ಮುಂದಿನ ಸಲ ಇನ್ನೂ ಬೇಗ ಹೊಗೆಯಾಡುತ್ತದೆ.

ಬೆಂಕಿ ಹತ್ತಿಕೊಂಡರೆ ನೀರು ಹಾಕಲೇಬೇಡಿ. ಎಣ್ಣೆಗಿಂತ ಭಾರವಾದ ನೀರು ಕೆಳಗಿಳಿದು, ಅಲ್ಲಿ ಒಮ್ಮೆಲೇ ಆವಿಯಾಗಿ, ಉರಿಯುವ ಎಣ್ಣೆಯನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಮೈದಾ ಎರಚಿದರೆ ಅದೂ ಹೊತ್ತಿಕೊಳ್ಳುತ್ತದೆ. ತಟ್ಟೆಯನ್ನು ನಿಮ್ಮ ಕಡೆಯ ಅಂಚಿನಿಂದ ಆಚೆಗೆ ಜಾರಿಸಿ ಮುಚ್ಚಿ, ಕೈ ಸುಡದಂತಿದ್ದರೆ ಒಲೆ ಆರಿಸಿ. ಬಾಣಲೆ ಪೂರ್ತಿ ತಣ್ಣಗಾಗುವವರೆಗೆ ತಟ್ಟೆ ತೆಗೆಯಬೇಡಿ. ಬಿಸಿ ಎಣ್ಣೆಗೆ ಗಾಳಿ ತಾಗಿದರೆ ಮತ್ತೆ ಹೊತ್ತುತ್ತದೆ. ಉರಿ ತಟ್ಟೆಗೆ ಸಿಗದಷ್ಟು ಎದ್ದಿದ್ದರೆ ಎಲ್ಲರೂ ಹೊರಗೆ ಬಂದು, ಅಡುಗೆಮನೆಯ ಬಾಗಿಲು ಎಳೆದುಕೊಂಡು 101ಕ್ಕೆ ಕರೆ ಮಾಡಿ.