ಕಮೋಡ್ ಪೈಪಿನ ಅಳತೆ ಟೈಲ್ಸ್ ಮೇಲಿಂದ ಶುರುವಾಗಲಿ

ನಮ್ಮ ಮನೆ ಕಟ್ಟುವಾಗ ಪ್ಲಂಬರ್ ಇಟ್ಟಿಗೆ ಗೋಡೆಯಿಂದ 225 ಮಿ.ಮೀ., ಅಂದರೆ ಸುಮಾರು 9 ಇಂಚು ಅಳೆದು ನೆಲದಲ್ಲಿ ಪೈಪ್ ಕೂರಿಸಿದ್ದರು. ಗೋಡೆಗೆ ಪ್ಲಾಸ್ಟರ್ 15 ಮಿ.ಮೀ., ಅದರ ಮೇಲೆ ಅಂಟು ಮತ್ತು ಟೈಲ್ಸ್ ಸೇರಿ 20 ಮಿ.ಮೀ. ಬಂತು. ಉಳಿದದ್ದು 190. ತಂದಿಟ್ಟ ಕಮೋಡ್ ಕೂರಲೇ ಇಲ್ಲ, ಹಿಂಭಾಗ ಗೋಡೆಗೆ ತಾಗಿತು. ಕೊನೆಗೆ ಹೊಸ ನೆಲವನ್ನೇ ಒಡೆಯಬೇಕಾಯಿತು.

ಅದಕ್ಕೇ ಮೊದಲು ಕಮೋಡ್ ಮಾಡೆಲ್ ಆರಿಸಿ, ಆಮೇಲೆ ಪೈಪ್ ಹಾಕಿಸಿ. ಕೊಳೆನೀರು ನೆಲದೊಳಗೆ ಇಳಿಯುವ ಎಸ್ ಟ್ರ್ಯಾಪ್ ಕಮೋಡ್‌ಗಳು ನಮ್ಮಲ್ಲಿ ಸಾಮಾನ್ಯವಾಗಿ 4, 9 ಅಥವಾ 12 ಇಂಚಿನ ಅಳತೆಯಲ್ಲಿ ಸಿಗುತ್ತವೆ. ಇದು ಟೈಲ್ಸ್ ಹಾಕಿ ಮುಗಿದ ಗೋಡೆಯಿಂದ ಪೈಪಿನ ನಡುಮಧ್ಯಕ್ಕೆ ಇರುವ ದೂರ. ಪೈಪಿನ ಅಂಚಿಗಲ್ಲ. ಗೋಡೆಯೊಳಗೆ ಹೋಗುವ ಪಿ ಟ್ರ್ಯಾಪ್‌ಗಾದರೆ ಮುಗಿದ ನೆಲದಿಂದ ಪೈಪಿನ ಎತ್ತರ ಮುಖ್ಯ. ಅದನ್ನು ಮಾಡೆಲ್‌ನ ಅಳತೆ ಚಿತ್ರ ನೋಡಿಯೇ ಹಾಕಿಸಿ.

ನಮ್ಮ ಲೆಕ್ಕ ಹೀಗಿರಬೇಕಿತ್ತು: 225ಕ್ಕೆ 15 ಮತ್ತು 20 ಸೇರಿಸಿದರೆ 260. ಬರಿ ಇಟ್ಟಿಗೆ ಗೋಡೆಯಿಂದ 260 ಮಿ.ಮೀ. ದೂರದಲ್ಲಿ ಪೈಪಿನ ಮಧ್ಯ ಬರಬೇಕು. ಪ್ಲಾಸ್ಟರ್ ಆದ ಗೋಡೆಯಿಂದ ಅಳೆಯುವುದಾದರೆ 245 ಸಾಕು. ನಿಮ್ಮ ಟೈಲ್ಸ್ ದಪ್ಪ ಬೇರೆ ಇರಬಹುದು, ಒಂದು ತುಂಡು ತರಿಸಿ ಅಳೆಯಿರಿ. ಅಕ್ಕಪಕ್ಕದ ಮುಗಿದ ಗೋಡೆಯಿಂದ ಪೈಪಿನ ಮಧ್ಯಕ್ಕೆ ಕನಿಷ್ಠ 380 ಮಿ.ಮೀ. ಬಿಡಿ. ಇಲ್ಲದಿದ್ದರೆ ಕೂತಾಗ ಮೊಣಕೈ ಗೋಡೆಗೆ ತಾಗುತ್ತದೆ.

ಎಸ್ ಟ್ರ್ಯಾಪ್ ಪೈಪನ್ನು ನೆಲದಿಂದ ಮೇಲೆ ಸ್ವಲ್ಪ ಜಾಸ್ತಿಯೇ ಬಿಟ್ಟು, ಬಾಯಿಗೆ ಕ್ಯಾಪ್ ಹಾಕಿಸಿ. ಸಿಮೆಂಟು ಒಳಗೆ ಬಿದ್ದು ಗಟ್ಟಿಯಾದರೆ ತೆಗೆಯುವುದು ದೊಡ್ಡ ಕಷ್ಟ. ನೆಲದ ಟೈಲ್ಸ್ ಆದ ಮೇಲೆಯೇ ಪೈಪ್ ಕತ್ತರಿಸಿ, ಕಮೋಡನ್ನು ಪೈಪಿಗೆ ಜೋಡಿಸುವ ಬಳೆಯಾದ ಫ್ಲ್ಯಾಂಜ್ ಕೂರಿಸಬೇಕು. ಫ್ಲ್ಯಾಂಜಿನ ಅಂಚು ಟೈಲ್ಸ್ ಮೇಲೆ ಚಪ್ಪಟೆಯಾಗಿ ಕೂರಬೇಕು, ನೆಲಕ್ಕೆ ಸ್ಕ್ರೂನಿಂದ ಬಿಗಿಯಾಗಬೇಕು. ಅದು ಟೈಲ್ಸ್‌ಗಿಂತ ತಗ್ಗಿನಲ್ಲಿದ್ದರೆ, ಸೋರದಂತೆ ಅದರ ಮೇಲೆ ಇಡುವ ಮೇಣದ ಉಂಗುರ ಕಮೋಡಿನ ಬಾಯಿಗೆ ಸರಿಯಾಗಿ ಒತ್ತುವುದಿಲ್ಲ. ಮೊದಮೊದಲು ಏನೂ ಗೊತ್ತಾಗದು. ಆಮೇಲೆ ಫ್ಲಶ್ ಮಾಡಿದಾಗಲೆಲ್ಲ ಬುಡದಲ್ಲಿ ತೇವ, ದಿನವಿಡೀ ವಾಸನೆ.

ಉಂಗುರ ಹಾಕುವ ಮುಂಚೆ ಕಮೋಡನ್ನು ಸುಮ್ನೆ ಒಮ್ಮೆ ಇಟ್ಟು ನೋಡಿ. ಕೈಯಿಂದ ಅಲ್ಲಾಡಿಸಿದರೆ ಕದಲುತ್ತದೆಯೇ? ಕದಲಿದರೆ ಅಡಿಗೆ ಪ್ಲಾಸ್ಟಿಕ್ ಚೂರು ಕೊಟ್ಟು ನೆಲಕ್ಕೆ ಹೊಂದಿಸಿ. ಕುಲುಕಾಡುವ ಕಮೋಡ್ ಎಷ್ಟು ಒಳ್ಳೆಯ ಉಂಗುರವನ್ನೂ ಸಡಿಲ ಮಾಡುತ್ತದೆ. ಕೊನೆಗೆ ಬುಡದ ಸುತ್ತ ಸಿಲಿಕಾನ್ ಹಚ್ಚುವಾಗ ಹಿಂಭಾಗದಲ್ಲಿ ಎರಡು ಇಂಚು ಖಾಲಿ ಬಿಡಿ. ಒಳಗೆ ಸೋರಿದರೆ ನೀರು ಅಲ್ಲಿಂದ ಹೊರಬಂದು ಕಣ್ಣಿಗೆ ಬೀಳುತ್ತದೆ.

ಪೈಪ್ ಈಗಾಗಲೇ ತಪ್ಪು ಜಾಗದಲ್ಲಿದೆಯೇ? ಒಂದೆರಡು ಇಂಚು ಸರಿಸುವ ಓರೆ ಕನೆಕ್ಟರ್ ಸಿಗುತ್ತದೆ. ಆದರೆ ಅದರ ಬಾಗಿನಲ್ಲಿ ಕಸ ಕಟ್ಟುವ ಸಾಧ್ಯತೆ ಹೆಚ್ಚು. ನೆಲದ ಟೈಲ್ಸ್ ಇನ್ನೂ ಹಾಕಿಲ್ಲವಾದರೆ ಪೈಪನ್ನೇ ಸರಿಸಿಬಿಡಿ.